ಬಯೋಟಿನ್ ನುಂಗಿದರೂ ನಿಲ್ಲದ ಕೂದಲು: ಚಿಕ್ಕಮಗಳೂರಿನ ಒಂದು ಪ್ರಕರಣ

ಇಲ್ಲಿ ಬರುವ ಹೆಣ್ಣುಮಗಳು ಒಬ್ಬರೇ ಅಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಆಲ್ದೂರು ಕಡೆ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಕಟ್ಟಿ ಕೊಟ್ಟಿದ್ದೇವೆ. ಯಾರ ಗುರುತೂ ಸಿಗಬಾರದೆಂದು ಊರು, ಕೆಲಸ, ವಯಸ್ಸುಗಳನ್ನು ಬದಲಿಸಿದ್ದೇವೆ. ರಕ್ತದ ಲೆಕ್ಕ, ಊಟದ ಲೆಕ್ಕ, ಕಾಲದ ಲೆಕ್ಕ ಮಾತ್ರ ಇಂಥವರಲ್ಲಿ ಹೇಗಿರುತ್ತವೋ ಹಾಗೇ ಇವೆ.

ವಯಸ್ಸು 26, ತೂಕ 54 ಕಿಲೋ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅಪ್ಪ ಅಮ್ಮ ಇರುವುದು ಮೂಡಿಗೆರೆ ತಾಲ್ಲೂಕಿನ ಸಣ್ಣ ತೋಟದಲ್ಲಿ. ನವೆಂಬರ್ ಮಧ್ಯದಲ್ಲಿ ಚರ್ಮದ ವೈದ್ಯರ ಹತ್ತಿರ ಬಂದಾಗ ಹೇಳಿದ್ದು ಇಷ್ಟು: ಎರಡೂವರೆ ತಿಂಗಳಿಂದ ಕೂದಲು ಹಿಡಿ ಹಿಡಿಯಾಗಿ ಬರುತ್ತಿದೆ, ಸ್ನಾನದ ಮನೆಯ ಜಾಲರಿ ಕಟ್ಟಿಕೊಳ್ಳುತ್ತಿದೆ, ಜಡೆ ಅರ್ಧಕ್ಕೆ ಇಳಿದಿದೆ. ಸೆಪ್ಟೆಂಬರಿನಿಂದ ದಿನಕ್ಕೊಂದು ಬಯೋಟಿನ್ ಎಂಬ ವಿಟಮಿನ್ನಿನ ಮಾತ್ರೆ ನುಂಗಿದ್ದಾರೆ, ಏನೂ ಆಗಿಲ್ಲ. ಜೊತೆಗೆ ಬಂದಿದ್ದ ತಾಯಿಯದು ಬೇರೆಯೇ ವಾದ: "ತಲೆಗೆ ಎಣ್ಣೆ ಮುಟ್ಟಿಸಲ್ಲ ಡಾಕ್ಟ್ರೇ, ಇನ್ನೇನಾಗುತ್ತೆ?"

ಎಣ್ಣೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಎಣ್ಣೆ ಚರ್ಮದಿಂದ ಹೊರಗಿರುವ ಕೂದಲಿಗೆ ಒಳ್ಳೆಯದು. ಸಿಕ್ಕು ಕಮ್ಮಿ ಆಗುತ್ತದೆ, ತುಂಡಾಗುವುದು ಕಮ್ಮಿ ಆಗುತ್ತದೆ. ಆದರೆ ಈಕೆಯ ಕೂದಲು ತುಂಡಾಗುತ್ತಿರಲಿಲ್ಲ, ಬುಡಸಮೇತ ಬರುತ್ತಿತ್ತು. ಈ ವ್ಯತ್ಯಾಸವನ್ನು ಮನೆಯಲ್ಲೇ ನೋಡಬಹುದು. ಉದುರಿದ ಹತ್ತು ಕೂದಲನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗುಂಡು ಇದೆಯೇ ನೋಡಿ. ಇದ್ದರೆ ಆ ಕೂದಲು ತನ್ನ ಬೆಳವಣಿಗೆ ಮುಗಿಸಿ, ವಿಶ್ರಾಂತಿಯ ಹಂತಕ್ಕೆ ಹೋಗಿ, ಅಲ್ಲಿಂದ ಉದುರಿದ್ದು. ಎರಡೂ ತುದಿ ಒಂದೇ ಥರ ಇದ್ದರೆ ಅದು ನಡುವೆ ಮುರಿದದ್ದು. ಮೊದಲನೆಯದಕ್ಕೆ ಕಾರಣ ಮೈಯ ಒಳಗೆ ಹುಡುಕಬೇಕು. ಎರಡನೆಯದಕ್ಕೆ ಬಾಚಣಿಗೆ, ಬಣ್ಣ, ಸ್ಟ್ರೈಟ್ನಿಂಗ್, ಬಿಗಿ ಜುಟ್ಟು ಇವುಗಳಲ್ಲಿ ಹುಡುಕಬೇಕು.

ವೈದ್ಯರು ಮಾಡಿದ್ದೂ ಇದಕ್ಕೆ ಹತ್ತಿರದ್ದೇ. ಹಿಂದಿನ ದಿನ ತಲೆ ತೊಳೆಯದ ಕೂದಲಲ್ಲಿ ಸುಮಾರು 60 ಎಳೆಗಳನ್ನು ಬೆರಳ ನಡುವೆ ಹಿಡಿದು ಬುಡದಿಂದ ತುದಿವರೆಗೆ ಮೆಲ್ಲಗೆ ಎಳೆದರು. ನೆತ್ತಿ, ಕಿವಿಯ ಮೇಲೆ, ಹಿಂದಲೆ, ಎಲ್ಲಿ ಎಳೆದರೂ ಏಳೆಂಟು ಬಂದವು, ಎಲ್ಲಕ್ಕೂ ಬಿಳಿ ಗುಂಡು. ಆರಕ್ಕಿಂತ ಹೆಚ್ಚು ಬಂದರೆ ಉದುರುವಿಕೆ ಜೋರಾಗಿದೆ ಎಂದೇ ಅರ್ಥ. ಬೈತಲೆ ಮುಂದೆ ಎಷ್ಟು ಅಗಲವೋ ಹಿಂದೆಯೂ ಅಷ್ಟೇ ಇತ್ತು. ನಾಣ್ಯದಂಥ ಬೋಳು ಜಾಗ ಇರಲಿಲ್ಲ, ನೆತ್ತಿಯ ಚರ್ಮ ಕೆಂಪಾಗಿರಲಿಲ್ಲ, ಗಾಯದ ಕಲೆ ಇರಲಿಲ್ಲ. ಅಂದರೆ ಇದು ತಲೆಯ ಎಲ್ಲ ಕಡೆಯಿಂದ ಒಟ್ಟಿಗೆ ಉದುರುವ ಬಗೆ, ವೈದ್ಯರ ಮಾತಿನಲ್ಲಿ ಟೆಲೋಜನ್ ಎಫ್ಲೂವಿಯಂ.

ಈ ಬಗೆಯ ಉದುರುವಿಕೆಯಲ್ಲಿ ಮುಖ್ಯವಾದದ್ದು ಕ್ಯಾಲೆಂಡರು. ನಮ್ಮ ತಲೆಯಲ್ಲಿರುವ ಸುಮಾರು ಒಂದು ಲಕ್ಷ ಕೂದಲಲ್ಲಿ ನೂರಕ್ಕೆ 85ರಿಂದ 90ರಷ್ಟು ಯಾವಾಗಲೂ ಬೆಳೆಯುತ್ತಿರುತ್ತವೆ. ಉಳಿದವು ವಿಶ್ರಾಂತಿಯಲ್ಲಿದ್ದು ದಿನಕ್ಕೆ 50ರಿಂದ 100ರಂತೆ ಉದುರುತ್ತವೆ. ಮೈಗೆ ಏನಾದರೂ ದೊಡ್ಡ ಪೆಟ್ಟು ಬಿದ್ದಾಗ, ಜೋರು ಜ್ವರ, ಹೆರಿಗೆ, ಆಪರೇಷನ್, ಊಟದ ಹಠಾತ್ ಕೊರತೆ ಹೀಗೆ ಯಾವುದಾದರೂ ಸರಿ, ಬೆಳೆಯುತ್ತಿದ್ದ ಕೂದಲಲ್ಲಿ ಬಹಳಷ್ಟು ಒಟ್ಟಿಗೆ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಆದರೆ ಆ ದಿನವೇ ಬೀಳುವುದಿಲ್ಲ. ಬುಡದಲ್ಲಿ ಎರಡು ಮೂರು ತಿಂಗಳು ಹಾಗೇ ನಿಂತಿದ್ದು ಆಮೇಲೆ ಬೀಳುತ್ತವೆ. ಹಾಗಾಗಿ "ಈಗ ಏನು ತಿಂತಿದ್ದೀಯಮ್ಮ" ಎಂದು ಕೇಳುವುದಕ್ಕಿಂತ "ಉದುರೋಕೆ ಶುರುವಾಗಿದ್ದಕ್ಕಿಂತ ಮೂರು ತಿಂಗಳು ಹಿಂದೆ ಏನಾಗಿತ್ತು" ಎಂದು ಕೇಳಬೇಕು.

ಈಕೆಗೆ ಉದುರಲು ಶುರುವಾದದ್ದು ಆಗಸ್ಟ್ ಕೊನೆಗೆ. ಮೂರು ತಿಂಗಳು ಹಿಂದಕ್ಕೆ ಹೋದರೆ ಜೂನ್. ಜ್ವರ ಬಂದಿರಲಿಲ್ಲ, ಹೊಸ ಔಷಧಿ ಶುರುಮಾಡಿರಲಿಲ್ಲ. ಕೇಳುತ್ತಾ ಹೋದಾಗ ಹೊರಬಿದ್ದದ್ದು: ಅಕ್ಕನ ಮದುವೆಗೆ ಸಣ್ಣಗಾಗಬೇಕೆಂದು ಜೂನ್ ಮೊದಲ ವಾರದಿಂದ ಊಟ ಇಳಿಸಿದ್ದರು. ಎರಡು ತಿಂಗಳಲ್ಲಿ 61 ಕಿಲೋದಿಂದ 54ಕ್ಕೆ ಬಂದಿದ್ದರು. ಇದನ್ನು ಅವರು ತಾವಾಗಿ ಹೇಳಿರಲಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಮುಗಿದುಹೋದ, ಒಳ್ಳೆಯ ಸಂಗತಿ.

ಇನ್ನು ಊಟದ ಲೆಕ್ಕ. ಜೂನಿನಿಂದ ನಡೆದುಬಂದಿದ್ದು ಹೀಗೆ. ಬೆಳಗ್ಗೆ ತಿಂಡಿ ಇಲ್ಲ, ಕಾಫಿ ಮತ್ತು ಎರಡು ಬಿಸ್ಕತ್ತು. ಹನ್ನೊಂದಕ್ಕೆ ಇನ್ನೊಂದು ಕಾಫಿ. ಮಧ್ಯಾಹ್ನ ಒಂದು ಕಪ್ ಅನ್ನ, ತಿಳಿ ಸಾರು, ಸ್ವಲ್ಪ ಪಲ್ಯ, ಮಜ್ಜಿಗೆ, ಊಟ ಮುಗಿದ ಕೂಡಲೇ ಕಾಫಿ. ಸಂಜೆ ಕಾಫಿ, ಒಂದು ಚಕ್ಕುಲಿ. ರಾತ್ರಿ ಪರಂಗಿ ಹಣ್ಣು ಅಥವಾ ಸೌತೆಕಾಯಿ. ಇದರಲ್ಲಿರುವ ಪ್ರೋಟೀನ್ ಕೂಡಿಸಿದರೆ, ನಾಲ್ಕು ಕಾಫಿಯ ಹಾಲಿನಿಂದ 6 ಗ್ರಾಂ, ಮಧ್ಯಾಹ್ನದ ಊಟದಿಂದ 9 ಗ್ರಾಂ, ಉಳಿದ ಎಲ್ಲ ಸೇರಿ 5 ಅಥವಾ 6. ಒಟ್ಟು 20ರಿಂದ 21 ಗ್ರಾಂ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಮೈತೂಕದ ಕಿಲೋಗೆ 0.83 ಗ್ರಾಂ. 54 ಕಿಲೋದವರಿಗೆ ದಿನಕ್ಕೆ 45 ಗ್ರಾಂ. ಇವರಿಗೆ ಸಿಗುತ್ತಿದ್ದದ್ದು ಅದರ ಅರ್ಧಕ್ಕೂ ಕಮ್ಮಿ.

ಕೂದಲೆಂದರೆ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನೇ. ಕೂದಲ ಬುಡದ ಜೀವಕೋಶಗಳು ಮೈಯಲ್ಲಿ ಅತಿ ವೇಗವಾಗಿ ಒಡೆದು ಹೆಚ್ಚುವ ಕೋಶಗಳ ಸಾಲಿಗೆ ಸೇರಿದವು. ಒಳಬರುವ ಪ್ರೋಟೀನ್ ಸಾಲದಾದಾಗ ದೇಹ ಹೃದಯ, ಪಿತ್ತಜನಕಾಂಗ, ರೋಗನಿರೋಧಕ ವ್ಯವಸ್ಥೆಗಳಿಗೆ ಮೊದಲು ಹಂಚುತ್ತದೆ. ಕೂದಲಿಲ್ಲದೆ ಬದುಕಬಹುದಾದ್ದರಿಂದ ಅದರ ಸರದಿ ಕೊನೆಗೆ. ಬರೀ ಪ್ರೋಟೀನ್ ಅಲ್ಲ, ಒಟ್ಟು ಊಟದ ಶಕ್ತಿಯೇ ಹಠಾತ್ತನೆ ಇಳಿದರೂ ಇದೇ ಆಗುತ್ತದೆ. ಹಾಗಾಗಿ ದಿನಕ್ಕೆ ಸಾವಿರ ಕ್ಯಾಲೊರಿಗೂ ಕಮ್ಮಿ ತಿಂದು ಪ್ರೋಟೀನ್ ಪುಡಿ ಮಾತ್ರ ಕುಡಿದರೂ ಕೂದಲು ಉಳಿಯುವ ಭರವಸೆ ಇಲ್ಲ.

"ಸಾರಿನಲ್ಲಿ ಬೇಳೆ ಇದ್ಯಲ್ಲ" ಎಂಬುದು ತಾಯಿಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾಲ್ಕು ಜನರ ಸಾರಿಗೆ 100 ಗ್ರಾಂ ತೊಗರಿಬೇಳೆ ಹಾಕಿದರೆ ಅದರಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ತಲೆಗೆ ಐದೂವರೆ. ಆದರೆ ಮೇಲಿನ ತಿಳಿಯನ್ನಷ್ಟೇ ಅನ್ನಕ್ಕೆ ಹಾಕಿಕೊಂಡರೆ ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಮಲೆನಾಡಿನ ಹುರುಳಿ ಕಟ್ಟಿನ ಸಾರಿನಲ್ಲಿ ಇದು ಇನ್ನೂ ಹೆಚ್ಚು. ಬೇಯಿಸಿದ ಹುರುಳಿಯ ಕಟ್ಟು ಸಾರಿಗೆ, ಕಾಳು ದನಕ್ಕೆ ಎಂಬ ರೂಢಿ ಹಳೆಯದು. ರುಚಿ ಕಟ್ಟಿಗೆ ಬರುತ್ತದೆ, ಪ್ರೋಟೀನಿನ ದೊಡ್ಡ ಪಾಲು ಕಾಳಿನಲ್ಲೇ ನಿಲ್ಲುತ್ತದೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, 8 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಇದೆ, ಕೊಟ್ಟಿಗೆಯ ಹಸು ಅದನ್ನು ಸುಖವಾಗಿ ತಿನ್ನುತ್ತದೆ. ಹಾಸನದ ಕಡೆಯ ಬಸ್ಸಾರು ಈ ವಿಷಯದಲ್ಲಿ ಮೇಲು, ಅಲ್ಲಿ ಬಸಿದ ನೀರು ಸಾರಿಗಾದರೆ ಕಾಳು ಸೊಪ್ಪು ಪಲ್ಯವಾಗಿ ತಟ್ಟೆಗೇ ಬರುತ್ತದೆ. ಆದರೆ ಆ ಪಲ್ಯವನ್ನು ಒಂದು ಚಮಚ ಮಾತ್ರ ಬಡಿಸಿಕೊಂಡರೆ ಉಪಯೋಗವಿಲ್ಲ.

ಈಗ ರಕ್ತ ಪರೀಕ್ಷೆ. ಇಲ್ಲಿ ಈ ಪ್ರಕರಣ ಅಡ್ಡದಾರಿ ಹಿಡಿಯುವುದರಲ್ಲಿತ್ತು.

ಮೊದಲ ವರದಿಯಲ್ಲಿ ಹಿಮೋಗ್ಲೋಬಿನ್ 11.4, ಕೆಂಪು ರಕ್ತಕಣಗಳ ಗಾತ್ರ 77, ಫೆರಿಟಿನ್ 8. ಇವು ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ: ಕಬ್ಬಿಣದ ಕೊರತೆ. ಬಸುರಿಯಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಇರಬೇಕು, ಕಣದ ಗಾತ್ರ 80ಕ್ಕಿಂತ ಮೇಲಿರಬೇಕು. ಫೆರಿಟಿನ್ ಎಂದರೆ ದೇಹ ಕೂಡಿಟ್ಟ ಕಬ್ಬಿಣದ ಅಳತೆ, ಆರೋಗ್ಯವಾಗಿರುವವರಲ್ಲಿ ಅದು 15ಕ್ಕಿಂತ ಕೆಳಗಿಳಿದರೆ ಉಗ್ರಾಣ ಬರಿದಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಅದೇ ವರದಿಯಲ್ಲಿ ಥೈರಾಯ್ಡಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನು ಟಿಎಸ್‌ಎಚ್ 0.18ಕ್ಕೆ ಕುಸಿದಿತ್ತು, ಥೈರಾಯ್ಡೇ ತಯಾರಿಸುವ ಹಾರ್ಮೋನು ಫ್ರೀ ಟಿ4 ಏರಿತ್ತು. ಕಾಗದ ನೋಡಿದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದೇ ಓದಬೇಕು. ಅದರಿಂದಲೂ ಕೂದಲು ಉದುರುತ್ತದೆ, ತೂಕ ಇಳಿಯುತ್ತದೆ. ಕಥೆ ಸರಿಹೊಂದಿದಂತೆಯೇ ಕಂಡಿತು. ಥೈರಾಯ್ಡ್ ಇಳಿಸುವ ಮಾತ್ರೆ ಶುರುಮಾಡುವ ಮಾತೂ ಬಂತು.

ಆದರೆ ಎದುರಿಗೆ ಕುಳಿತ ಮೈ ಕಾಗದದ ಮಾತಿಗೆ ಒಪ್ಪಲಿಲ್ಲ. ನಾಡಿ ನಿಮಿಷಕ್ಕೆ 74, ಕೈ ನಡುಗುತ್ತಿರಲಿಲ್ಲ, ಸೆಖೆ ತಡೆಯದಂಥ ತೊಂದರೆ ಇರಲಿಲ್ಲ, ಆಗಸ್ಟಿನ ನಂತರ ತೂಕ ಇಳಿದಿರಲಿಲ್ಲ. ಆಗ ಬಯೋಟಿನ್ ಡಬ್ಬಿಯನ್ನು ತಿರುಗಿಸಿ ಓದಿದರು. ಒಂದು ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂ.

ದೊಡ್ಡವರಿಗೆ ದಿನಕ್ಕೆ ಬೇಕಾಗುವ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಮಾತ್ರೆಯಲ್ಲಿದ್ದದ್ದು ಅದರ ಮುನ್ನೂರು ಪಟ್ಟಿಗಿಂತ ಹೆಚ್ಚು. ಅನೇಕ ಲ್ಯಾಬ್ ಯಂತ್ರಗಳು ಹಾರ್ಮೋನು ಅಳೆಯಲು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಜೋಡಿ ಒಂದಕ್ಕೊಂದು ಗಟ್ಟಿಯಾಗಿ ಅಂಟುವ ಗುಣವನ್ನು ಬಳಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿತುಳುಕಿದರೆ ಯಂತ್ರದ ಅಂಟುವ ಜಾಗಗಳನ್ನೆಲ್ಲ ಅದೇ ಹಿಡಿದುಕೊಂಡುಬಿಡುತ್ತದೆ. ಆಗ ಟಿಎಸ್‌ಎಚ್ ಸುಳ್ಳಾಗಿ ಕಮ್ಮಿ, ಟಿ4 ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಎರಡೂ ಸೇರಿ ಥೈರಾಯ್ಡ್ ರೋಗದ ತದ್ರೂಪು. ಹೃದಯಾಘಾತ ಗುರುತಿಸುವ ಟ್ರೋಪೋನಿನ್ ಪರೀಕ್ಷೆಯೂ ಹೀಗೇ ಸುಳ್ಳಾಗಿ ಕಮ್ಮಿ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು, ಒಂದು ಸಾವಿನ ವರದಿಯನ್ನೂ ಉಲ್ಲೇಖಿಸಿತ್ತು.

ಮಾತ್ರೆ ನಿಲ್ಲಿಸಿ ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟಾಗ ಟಿಎಸ್‌ಎಚ್ 2.3, ಟಿ4 ಸಹಜ. ಥೈರಾಯ್ಡಿಗೆ ಏನೂ ಆಗಿರಲಿಲ್ಲ. ಫೆರಿಟಿನ್ ಕೂಡ 8ರಿಂದ 11ಕ್ಕೆ ಬಂತು, ಏಕೆಂದರೆ ಅದನ್ನೂ ಟಿಎಸ್‌ಎಚ್ ಅಳೆಯುವಂಥ ವಿಧಾನದಲ್ಲೇ ಅಳೆಯುತ್ತಾರೆ. ಆದರೂ 11 ಎಂದರೆ ಕೊರತೆಯೇ. ರಕ್ತ ಕೊಡುವ ಮುಂಚೆ ಬಯೋಟಿನ್ ಕನಿಷ್ಠ ಎರಡು ಮೂರು ದಿನ ಬಿಟ್ಟಿರಬೇಕು, ಇಷ್ಟು ದೊಡ್ಡ ಡೋಸಾದರೆ ಒಂದು ವಾರ ಬಿಡುವುದು ಕ್ಷೇಮ. "ಕೂದಲು, ಉಗುರು, ಚರ್ಮ" ಎಂದು ಬರೆದಿರುವ ಗಮ್ಮಿ, ಪುಡಿ, ಮಲ್ಟಿವಿಟಮಿನ್‌ಗಳಲ್ಲೂ ಬಯೋಟಿನ್ ಇರುತ್ತದೆ. ಅದನ್ನು ಔಷಧಿ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ವೈದ್ಯರಿಗೆ ಹೇಳುವುದೂ ಇಲ್ಲ. ಡಬ್ಬಿಯನ್ನೇ ಜೊತೆಗೆ ಒಯ್ಯುವುದು ಒಳ್ಳೆಯದು.

ಹಾಗಾದರೆ ಬಯೋಟಿನ್ ಕೂದಲಿಗೆ ಬೇಡವೇ? ಬೇಕು. ಕೊರತೆಯಾದರೆ ಕೂದಲು ನಿಜವಾಗಿಯೂ ಉದುರುತ್ತದೆ. ಆದರೆ ಆ ಕೊರತೆ ಬಹಳ ಅಪರೂಪ. ಮೊಟ್ಟೆಯ ಹಳದಿ, ಕಡಲೆಬೀಜ, ಕಾಳು, ಹಾಲು ಎಲ್ಲದರಲ್ಲೂ ಅದು ಇದೆ, ಕರುಳಿನ ಬ್ಯಾಕ್ಟೀರಿಯಗಳೂ ಸ್ವಲ್ಪ ತಯಾರಿಸುತ್ತವೆ. ಹುಟ್ಟಿನಿಂದ ಬಯೋಟಿನಿಡೇಸ್ ಎಂಬ ಕಿಣ್ವ ಇಲ್ಲದ ಮಕ್ಕಳು, ಕೆಲವು ಬಗೆಯ ಮೂರ್ಛೆರೋಗದ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡವರು, ತಿಂಗಳುಗಟ್ಟಲೆ ಹಸಿ ಮೊಟ್ಟೆಯ ಬಿಳಿ ಕುಡಿದವರು, ಇಂಥವರಲ್ಲಿ ಕಾಣುತ್ತದೆ. ಬೇಯಿಸಿದ ಮೊಟ್ಟೆಯಿಂದ ಈ ಭಯವಿಲ್ಲ. ಕೂದಲಿಗೆ ಬಯೋಟಿನ್ ಕೊಟ್ಟು ಗುಣ ಕಂಡ ವೈದ್ಯಕೀಯ ವರದಿಗಳನ್ನೆಲ್ಲ 2017ರಲ್ಲಿ ಒಟ್ಟುಮಾಡಿ ನೋಡಿದಾಗ ಸಿಕ್ಕಿದ್ದು 18 ಪ್ರಕರಣ. ಅಷ್ಟೂ ಜನರಿಗೆ ಕೂದಲು ಅಥವಾ ಉಗುರು ಕೆಡಲು ಬೇರೊಂದು ಮೂಲ ಕಾಯಿಲೆ ಇತ್ತು. ಆರೋಗ್ಯವಂತರ ಕೂದಲನ್ನು ಅದು ದಪ್ಪ ಮಾಡುತ್ತದೆ ಎನ್ನಲು ಆಧಾರವಿಲ್ಲ. ಮನೆ ಕಟ್ಟುವ ಜಾಗದಲ್ಲಿ ಇಟ್ಟಿಗೆಯೇ ಇಲ್ಲದಾಗ ಮೊಳೆಯ ಡಬ್ಬಿ ಎಷ್ಟು ತಂದರೂ ಗೋಡೆ ಏಳುವುದಿಲ್ಲ.

ಇಷ್ಟಾದರೂ ಅದು "ನನಗೆ ಕೆಲಸ ಮಾಡಿತು" ಎನ್ನುವವರು ಬಹಳ ಜನ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಪೆಟ್ಟು ಒಂದೇ ಸಲದ್ದಾಗಿದ್ದರೆ, ಉದಾಹರಣೆಗೆ ಡೆಂಗಿ ಜ್ವರ, ಈ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಜನ ಮಾತ್ರೆ ಶುರುಮಾಡುವುದು ಉದುರುವಿಕೆ ಹೆಚ್ಚಾದ ಹೊತ್ತಿಗೆ. ಮೂರು ತಿಂಗಳ ಕೋರ್ಸ್ ಮುಗಿಯುವಷ್ಟರಲ್ಲಿ ಹೇಗೂ ಇಳಿಯುತ್ತದೆ, ಹೆಸರು ಮಾತ್ರೆಗೆ ಹೋಗುತ್ತದೆ. ಈಕೆಯಲ್ಲಿ ಇಳಿಯದಿದ್ದದ್ದಕ್ಕೆ ಕಾರಣ ಪೆಟ್ಟು ಇನ್ನೂ ಬೀಳುತ್ತಲೇ ಇದ್ದದ್ದು. ತೂಕ ಮತ್ತೆ ಏರಬಾರದೆಂದು ಅದೇ ಊಟ ನಡೆದಿತ್ತು, ಕಬ್ಬಿಣದ ಉಗ್ರಾಣವೂ ಖಾಲಿಯಾಗೇ ಇತ್ತು.

ಕಬ್ಬಿಣ ಎಲ್ಲಿ ಹೋಯಿತು? ಎರಡು ಕಡೆ. ಮುಟ್ಟು ಏಳು ದಿನ, ಅದರಲ್ಲಿ ಮೂರು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ಗಡ್ಡೆ ಹೋಗುತ್ತದೆ. ಹದಿನೈದನೆಯ ವಯಸ್ಸಿನಿಂದ ಹೀಗೇ ಇದ್ದುದರಿಂದ ಇದು ಹೆಚ್ಚು ಎಂಬ ಅರಿವೇ ಅವರಿಗಿರಲಿಲ್ಲ. ಇನ್ನೊಂದು, ಒಳಗೆ ಬರುವ ದಾರಿಯಲ್ಲೇ ಕಾಫಿ. ಕಾಫಿ ಟೀಯಲ್ಲಿರುವ ಪಾಲಿಫಿನಾಲ್‌ಗಳು ಕಾಳು, ರಾಗಿ, ಸೊಪ್ಪಿನ ಕಬ್ಬಿಣವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. 1983ರ ಒಂದು ಪ್ರಯೋಗದಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣ ಹೀರುವುದು ನೂರಕ್ಕೆ 39ರಷ್ಟು ಇಳಿಯಿತು, ಟೀ ಕುಡಿದಾಗ 64ರಷ್ಟು. ಅದೇ ಪ್ರಯೋಗದಲ್ಲಿ ಕಂಡ ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಬಹಳ ಮುಖ್ಯ: ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿ ಏನೂ ಅಡ್ಡಿ ಮಾಡಲಿಲ್ಲ, ಊಟವಾಗಿ ಒಂದು ಗಂಟೆಗೆ ಕುಡಿದದ್ದು ಜೊತೆಗೇ ಕುಡಿದಷ್ಟೇ ಅಡ್ಡಿ ಮಾಡಿತು. ಹಾಗಾಗಿ ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿ ಬಿಡಿ ಎಂದು ಯಾರೂ ಹೇಳಬೇಕಾಗಿಲ್ಲ. ಎದ್ದ ತಕ್ಷಣ ಕುಡಿಯಿರಿ, ತಿಂಡಿ ಒಂದು ಗಂಟೆ ಬಿಟ್ಟು. ಮಧ್ಯಾಹ್ನದ ಊಟದ ಮೇಲಿನ ಲೋಟವನ್ನು ನಾಲ್ಕು ಗಂಟೆಗೆ ತಳ್ಳಿ. ಈಕೆಗೆ ನಾಲ್ಕು ಕಾಫಿ ಎರಡಾಯಿತು, ಹೊತ್ತು ಬದಲಾಯಿತು, ಅಷ್ಟೇ.

ಮೂರನೆಯ ಸಾಧ್ಯತೆಯೊಂದನ್ನು ತಳ್ಳಿಹಾಕಬೇಕಿತ್ತು. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಪಾದದಿಂದ ಒಳಹೊಕ್ಕು ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಈಕೆ ವಾರಕ್ಕೊಮ್ಮೆ ತೋಟಕ್ಕೆ ಹೋಗುತ್ತಿದ್ದುದರಿಂದ ಮಲ ಪರೀಕ್ಷೆ ಮಾಡಿಸಿದರು, ಹುಳುವಿನ ಮೊಟ್ಟೆ ಕಾಣಲಿಲ್ಲ. ಕೂಲಿ ಕೆಲಸದವರಲ್ಲಿ, ಅದರಲ್ಲೂ ಗಂಡಸರಲ್ಲಿ ಕಬ್ಬಿಣ ಕಮ್ಮಿ ಬಂದರೆ ಇದನ್ನು ನೋಡದೆ ಮುಂದೆ ಹೋಗಬಾರದು.

ಕೊರತೆಯನ್ನು ಊಟದಿಂದಲೇ ತುಂಬಬಹುದೇ ಎಂದು ಬಹಳ ಮನೆಗಳಲ್ಲಿ ಕೇಳುತ್ತಾರೆ, ಮಾತ್ರೆ ಎಂದರೆ ಹಿಂಜರಿಕೆ. ಲೆಕ್ಕ ಹಾಕಿ ನೋಡೋಣ. ಫೆರಿಟಿನ್ ಒಂದಂಕಿ ಏರಬೇಕಾದರೆ ಉಗ್ರಾಣಕ್ಕೆ ಸುಮಾರು 8 ಮಿಲಿಗ್ರಾಂ ಕಬ್ಬಿಣ ಸೇರಬೇಕು. 11ರಿಂದ 40ಕ್ಕೆ ಏರಲು 230 ಮಿಲಿಗ್ರಾಂ ಬೇಕು, ಹಿಮೋಗ್ಲೋಬಿನ್ ಸರಿಪಡಿಸಲು ಬೇಕಾದದ್ದು ಬೇರೆ. ಕಾಳು ಸೊಪ್ಪಿನ ಊಟದಿಂದ ದೇಹ ಹೀರುವುದು ಅದರಲ್ಲಿರುವ ಕಬ್ಬಿಣದ ನೂರಕ್ಕೆ 5ರಿಂದ 10ರಷ್ಟು. ಊಟ ಎಷ್ಟೇ ಸುಧಾರಿಸಿದರೂ ಪ್ರತಿ ತಿಂಗಳ ನಷ್ಟ ಕಳೆದು ದಿನಕ್ಕೆ ಅರ್ಧ ಮಿಲಿಗ್ರಾಂ ಉಳಿದರೆ ಅದೇ ಹೆಚ್ಚು. ಅಂದರೆ ಒಂದು ವರ್ಷಕ್ಕೂ ಮೇಲೆ ಬೇಕು. ಹೀಗಾಗಿ ಖಾಲಿಯಾದ ಉಗ್ರಾಣ ತುಂಬಲು ಮಾತ್ರೆ ಬೇಕು, ತುಂಬಿದ್ದನ್ನು ಕಾಯಲು ಊಟ ಬೇಕು. ಕೂದಲಿಗೆ ಫೆರಿಟಿನ್ ಎಷ್ಟಿರಬೇಕು ಎಂಬುದರಲ್ಲಿ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಬಹಳ ಚರ್ಮವೈದ್ಯರು 40 ದಾಟಲಿ ಎಂದು ಗುರಿ ಇಡುತ್ತಾರೆ, ಇಲ್ಲೂ ಅದನ್ನೇ ಇಟ್ಟರು.

ಕೊಟ್ಟದ್ದು 60 ಮಿಲಿಗ್ರಾಂ ಕಬ್ಬಿಣವಿರುವ ಮಾತ್ರೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಿಗುವ ಕೆಂಪು ಮಾತ್ರೆಯಲ್ಲೂ ಇರುವುದು ಇಷ್ಟೇ. ದಿನ ಬಿಟ್ಟು ದಿನ ಒಂದು. ದಿನವೂ ಏಕಲ್ಲ ಎಂದರೆ, ಒಂದು ಮಾತ್ರೆ ನುಂಗಿದ ಮೇಲೆ ಸುಮಾರು 24 ಗಂಟೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕರುಳಿನ ಬಾಗಿಲು ಮುಚ್ಚುತ್ತದೆ. ಮರುದಿನದ ಮಾತ್ರೆಯಿಂದ ಹೀರುವುದು ಕಮ್ಮಿ, ಹೊಟ್ಟೆ ಉರಿ ಮಲಬದ್ಧತೆ ಮಾತ್ರ ಪೂರ್ತಿ. ರಕ್ತಹೀನತೆ ತೀವ್ರವಾಗಿರುವವರಿಗೆ, ಬಸುರಿಯರಿಗೆ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು.

ಮೊದಲ ತಿಂಗಳು ಇದು ಕೆಲಸ ಮಾಡಲಿಲ್ಲ. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರಬೇಕಿತ್ತು, 11.5ಕ್ಕೆ ನಿಂತಿತ್ತು. ಮಲ ಕಪ್ಪಾಗಿದೆಯೇ ಎಂದು ಕೇಳಿದರೆ ಆಗಿದೆ ಎಂದರು, ಅಂದರೆ ಮಾತ್ರೆ ತಪ್ಪಿಸಿಲ್ಲ. ಎಷ್ಟು ಹೊತ್ತಿಗೆ ನುಂಗುತ್ತೀರಿ ಎಂದಾಗ ಸಿಕ್ಕಿತು: "ಬೆಳಗ್ಗೆ ಬರೀ ಹೊಟ್ಟೇಲಿ ಸಾರ್, ಆಮೇಲೆ ಹತ್ತು ನಿಮಿಷಕ್ಕೆ ಕಾಫಿ." ಮಾತ್ರೆಯ ಕಬ್ಬಿಣವನ್ನೂ ಕಾಫಿ ಅರ್ಧಕ್ಕಿಂತ ಹೆಚ್ಚು ತಡೆಯುತ್ತದೆ. ಬೆಳಗಿನ ಕಾಫಿ ಬಿಡಿಸುವ ಬದಲು ಮಾತ್ರೆಯ ಹೊತ್ತನ್ನೇ ಬದಲಿಸಿದರು. ರಾತ್ರಿ ಏಳೂವರೆಗೆ ಊಟ, ಹತ್ತು ಗಂಟೆಗೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿದ ನೀರಿನ ಜೊತೆ ಮಾತ್ರೆ, ಅದರ ಸುತ್ತಮುತ್ತ ಹಾಲು, ಕ್ಯಾಲ್ಸಿಯಂ ಮಾತ್ರೆ, ಅಸಿಡಿಟಿ ಮಾತ್ರೆ ಯಾವುದೂ ಇಲ್ಲ. ಮುಂದಿನ ತಿಂಗಳು ಹಿಮೋಗ್ಲೋಬಿನ್ 12.3ಕ್ಕೆ ಬಂತು. ಥೈರಾಕ್ಸಿನ್ ತೆಗೆದುಕೊಳ್ಳುವವರು ಅದಕ್ಕೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಇಡಬೇಕು.

ಊಟವನ್ನು ಮತ್ತೆ ಕಟ್ಟಿದ್ದು ಮನೆಯಲ್ಲಿ ಇರುವುದರಿಂದಲೇ. ಗುರಿ ದಿನಕ್ಕೆ 55 ಗ್ರಾಂ ಪ್ರೋಟೀನ್, ತೂಕ ಹಾಗೇ ಇರಲಿ. ಬೆಳಗ್ಗೆ ಅಕ್ಕಿರೊಟ್ಟಿಯ ಜೊತೆ ಬೇಯಿಸಿದ ಎರಡು ಮೊಟ್ಟೆ, 16ರಿಂದ 17 ಗ್ರಾಂ. ಮೊಟ್ಟೆ ಮುಟ್ಟದ ಸೋಮವಾರ, ಶನಿವಾರ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ. ಅದರಲ್ಲಿ 12 ಗ್ರಾಂ, ಜೊತೆಗೊಂದು ಲೋಟ ಮಜ್ಜಿಗೆ. ಮಧ್ಯಾಹ್ನ ಡಬ್ಬಿಗೆ ಅನ್ನ ಅಥವಾ ಮುದ್ದೆ, ಮೊಳಕೆ ಬಂದ ಹುರುಳಿಯ ಸಾರು ಕಾಳುಸಮೇತ (ಒಣಕಾಳಿನ ಲೆಕ್ಕದಲ್ಲಿ 30 ಗ್ರಾಂ), ಒಂದು ಬಟ್ಟಲು ಗಟ್ಟಿ ಮೊಸರು, 15ರಿಂದ 16 ಗ್ರಾಂ. ಸಂಜೆ ಒಂದು ಹಿಡಿ ಹುರಿದ ಕಡಲೆಬೀಜ, 7 ಗ್ರಾಂ. ರಾತ್ರಿ ಸ್ವಲ್ಪ ಅನ್ನಕ್ಕೆ ಗಟ್ಟಿ ತೊವ್ವೆ, ವಾರಕ್ಕೆರಡು ದಿನ ಅದರ ಬದಲು ಬಂಗುಡೆ ಅಥವಾ ಭೂತಾಯಿ ಸಾರು. ಮೀನು, ಮಾಂಸ, ಈಲಿಯ ಕಬ್ಬಿಣ ಬೇರೆ ಬಗೆಯದು, ಕಾಳಿನದಕ್ಕಿಂತ ಸುಲಭವಾಗಿ ಒಳಸೇರುತ್ತದೆ, ಜೊತೆಗಿರುವ ಕಾಳು ಸೊಪ್ಪಿನ ಕಬ್ಬಿಣವನ್ನೂ ಎಳೆದುಕೊಳ್ಳುತ್ತದೆ. ಸಸ್ಯಾಹಾರಿಗಳಿಗೆ ಆ ಕೆಲಸವನ್ನು ವಿಟಮಿನ್ ಸಿ ಮಾಡುತ್ತದೆ: ಪಲ್ಯ ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ನಿಂಬೆ, ಊಟದ ಜೊತೆ ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ. ಕುದಿಯುವಾಗಲೇ ನಿಂಬೆ ಹಿಂಡಿದರೆ ವಿಟಮಿನ್ ಸಿ ಒಂದಷ್ಟು ಹಾಳಾಗುತ್ತದೆ.

ಜಿಂಕ್ ವಿಷಯ ಇದರೊಳಗೇ ಅಡಗಿದೆ. ಹೆಂಗಸರಿಗೆ ದಿನಕ್ಕೆ ಸುಮಾರು 13 ಮಿಲಿಗ್ರಾಂ ಬೇಕು. ಈಕೆಯ ಹಳೆಯ ಊಟದಲ್ಲಿ ಅದರ ಅರ್ಧವೂ ಇರಲಿಕ್ಕಿಲ್ಲ. ಕಾಳು, ರಾಗಿ, ತೌಡಿನಲ್ಲಿರುವ ಫೈಟೇಟ್ ಇದ್ದ ಜಿಂಕನ್ನೂ ಹಿಡಿದಿಡುತ್ತದೆ. ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ, ಹಿಟ್ಟು ರುಬ್ಬಿ ಹುಳಿ ಬರಿಸಿದರೆ ಫೈಟೇಟ್ ಒಡೆಯುತ್ತದೆ, ಜಿಂಕ್ ಕಬ್ಬಿಣ ಎರಡೂ ಬಿಡುಗಡೆಯಾಗುತ್ತವೆ. ಮೊಟ್ಟೆ, ಮಾಂಸ, ಎಳ್ಳು, ಕುಂಬಳದ ಬೀಜದಲ್ಲಿ ಜಿಂಕ್ ಚೆನ್ನಾಗಿದೆ.

ಹಾಗಂತ ಜಿಂಕ್ ಮಾತ್ರೆ ಕೊಡಲಿಲ್ಲ. ತೀವ್ರ ಕೊರತೆಯ ಗುರುತು ಬೇರೆ: ಬಾಯಿ, ಮೂಗು, ಬೆರಳುಗಳ ಸುತ್ತ ಕೆಂಪು ಸಿಪ್ಪೆ ಏಳುವುದು, ಆಗಾಗ ಭೇದಿ, ನಾಲಿಗೆಗೆ ರುಚಿ ಇಲ್ಲದಿರುವುದು, ಗಾಯ ಮಾಯದಿರುವುದು. ಯಾವುದೂ ಇರಲಿಲ್ಲ. ರಕ್ತದ ಜಿಂಕ್ ಪರೀಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ, ಊಟವಾದ ಮೇಲೆ ಇಳಿಯುತ್ತದೆ, ಸೋಂಕು ಇದ್ದರೆ ಇಳಿಯುತ್ತದೆ. ಜೊತೆಗೆ ಅಂಗಡಿಯಲ್ಲಿ ಸಿಗುವ 220 ಮಿಲಿಗ್ರಾಂ ಜಿಂಕ್ ಸಲ್ಫೇಟ್ ಮಾತ್ರೆಯಲ್ಲಿ ನಿಜವಾದ ಜಿಂಕ್ 50 ಮಿಲಿಗ್ರಾಂ, ದೊಡ್ಡವರ ದಿನದ ಮೇಲ್ಮಿತಿ ಎಂದು ಹೇಳುವ 40ನ್ನೂ ದಾಟುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಕರುಳು ತಾಮ್ರ ಹೀರುವುದನ್ನು ಬಿಡುತ್ತದೆ. ತಾಮ್ರ ಇಳಿದರೆ ಮತ್ತೆ ರಕ್ತಹೀನತೆ, ಬಿಳಿ ರಕ್ತಕಣ ಕಮ್ಮಿ. ಕಬ್ಬಿಣ ಕೊಡುತ್ತಿದ್ದರೂ ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ ಮನೆಯಲ್ಲಿ ಜಿಂಕ್ ಡಬ್ಬಿ ಇದೆಯೇ ಎಂದು ಕೇಳಬೇಕು. ಕೂದಲಿನ ಹೆಸರಲ್ಲಿ ಮಾರುವ ಮಾತ್ರೆಗಳಲ್ಲಿ ವಿಟಮಿನ್ ಎ, ಸೆಲೆನಿಯಂ ಇರುವುದನ್ನೂ ನೋಡಬೇಕು. ಇವೆರಡೂ ಅತಿಯಾದರೆ ಕೂದಲನ್ನೇ ಉದುರಿಸುತ್ತವೆ.

ಕಬ್ಬಿಣ ಶುರುವಾಗಿ ಆರು ವಾರವಾದರೂ ಕೂದಲು ಉದುರುವುದು ನಿಲ್ಲಲಿಲ್ಲ. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ಆದರೆ ಆಗ ಬೀಳುತ್ತಿದ್ದ ಕೂದಲು ಅಕ್ಟೋಬರ್ ನವೆಂಬರಿನಲ್ಲೇ ಬೆಳವಣಿಗೆ ನಿಲ್ಲಿಸಿದ್ದು, ಅದನ್ನು ಯಾವ ಮಾತ್ರೆಯೂ ಹಿಡಿದು ನಿಲ್ಲಿಸಲಾರದು. ನೋಡಬೇಕಾದದ್ದು ಲೆಕ್ಕದ ದಿಕ್ಕನ್ನು. ಅದಕ್ಕೆ ದಿನವೂ ಎಣಿಸುವುದು ಬೇಡ, ಎಣಿಸಿದಷ್ಟೂ ಆತಂಕ. ವಾರಕ್ಕೆ ಒಂದೇ ದಿನ, ಅದೇ ಅಂತರದಲ್ಲಿ ತಲೆಸ್ನಾನ ಮಾಡಿದಾಗ ಬಿದ್ದದ್ದನ್ನು ಕವರಿನಲ್ಲಿ ಹಾಕಿ ತಾರೀಕು ಬರೆದಿಟ್ಟರೆ ಸಾಕು. ಮೂರು ದಿನಕ್ಕೊಮ್ಮೆ ತೊಳೆಯುವವರಿಗೆ ಮೂರು ದಿನದ್ದು ಒಟ್ಟಿಗೆ ಬರುತ್ತದೆ, 200 ಬಿದ್ದರೆ ಅದು ಸಹಜವೇ. ಈಕೆಯ ಕವರುಗಳು ಫೆಬ್ರವರಿ ಕೊನೆಯಿಂದ ತೆಳ್ಳಗಾದವು. ಮಾರ್ಚಿನಲ್ಲಿ ಹಣೆಯ ಅಂಚಿನಲ್ಲಿ, ಬೈತಲೆಯ ಇಕ್ಕೆಲದಲ್ಲಿ ಎರಡು ಮೂರು ಸೆಂಟಿಮೀಟರಿನ ಕುರುಚಲು ಎದ್ದು ನಿಂತಿತು. ಅದನ್ನು ಕೂದಲು ತುಂಡಾಗುತ್ತಿದೆ ಎಂದು ತಾಯಿ ಹೆದರಿದ್ದರು. ತುದಿ ಚೂಪಾಗಿದ್ದರೆ ಅದು ಹೊಸ ಕೂದಲು, ಮೊಂಡಾಗಿದ್ದರೆ ಮುರಿದದ್ದು. ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಬೆಳೆಯುವ ಈ ಕೂದಲು ಜಡೆಗೆ ಸೇರಿ ದಪ್ಪ ಕಾಣಲು ಒಂದೂವರೆ ಎರಡು ವರ್ಷ ಬೇಕು.

ಮೂರು ತಿಂಗಳಿಗೆ ಫೆರಿಟಿನ್ 29, ಆರು ತಿಂಗಳಿಗೆ 44. ಸ್ತ್ರೀರೋಗ ತಜ್ಞರು ಮುಟ್ಟಿನ ಸ್ರಾವಕ್ಕೆ ಚಿಕಿತ್ಸೆ ಕೊಟ್ಟಮೇಲೆ ಪ್ಯಾಡಿನ ಸಂಖ್ಯೆ ಇಳಿಯಿತು. ಅದು ಇಳಿಯದೇ ಇದ್ದಿದ್ದರೆ ಮಾತ್ರೆ ನಿಲ್ಲಿಸಿದ ಆರು ತಿಂಗಳಲ್ಲಿ ಉಗ್ರಾಣ ಮತ್ತೆ ಬರಿದಾಗುತ್ತಿತ್ತು. ಕಬ್ಬಿಣದ ಮಾತ್ರೆ ಅಲ್ಲಿಗೆ ನಿಲ್ಲಿಸಿದರು. ಫೆರಿಟಿನ್ 40 ದಾಟಿದ ಮೇಲೂ ಕೂದಲಿಗೆಂದು ಮುಂದುವರಿಸಿದರೆ ಕೂದಲಿಗೆ ಹೆಚ್ಚೇನೂ ಸಿಗುವುದಿಲ್ಲ, ಬೇಡದ ಕಬ್ಬಿಣ ದೇಹದಲ್ಲಿ ಕೂರುತ್ತದೆ. ಮುಂದಿನ ಫೆರಿಟಿನ್ ಪರೀಕ್ಷೆಗೆ ನವೆಂಬರ್ ಎಂದು ಬರೆದುಕೊಟ್ಟಿದ್ದಾರೆ. ಅಷ್ಟರೊಳಗೆ ಉದುರುವುದು ನಿಂತಿದ್ದೂ ನೆತ್ತಿಯ ಬೈತಲೆ ಮಾತ್ರ ಅಗಲವಾಗುತ್ತಾ ಹೋದರೆ, ಮುಟ್ಟು ತಪ್ಪಿ ಗಲ್ಲದ ಮೇಲೆ ಕೂದಲು ಬರತೊಡಗಿದರೆ, ಅದು ವಂಶವಾಹಿನಿಯ ಅಥವಾ ಹಾರ್ಮೋನಿನ ಕೂದಲು ತೆಳುವಾಗುವಿಕೆ. ಅದಕ್ಕೆ ಮಿನಾಕ್ಸಿಡಿಲ್‌ನಂಥ ಬೇರೆ ಚಿಕಿತ್ಸೆ ಇದೆ, ಊಟದಿಂದ ಅದು ಸರಿಹೋಗುವುದಿಲ್ಲ, ಬೇಗ ಬಂದಷ್ಟೂ ಒಳ್ಳೆಯದು ಎಂದು ತಾಯಿ ಮಗಳಿಬ್ಬರಿಗೂ ಹೇಳಿ ಕಳಿಸಿದ್ದಾರೆ.